ಒಂದೇ ಪುಟ, ಎರಡು ಕೈ: ಹಳೆಯ ಮಳೆ ಪುಸ್ತಕವನ್ನು ಇಬ್ಬರು ಟೈಪ್ ಮಾಡಿ ತಾಳೆ ನೋಡುವ ಬಗೆ

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಅಪ್ಪ ಬರೆದಿಟ್ಟ ಮಳೆ ಪುಸ್ತಕ ಇದೆ. ದಿನಾ ಬೆಳಗ್ಗೆ ಕಾಫಿ ಕುಡಿಯುವ ಮೊದಲೇ ಅಂಗಳಕ್ಕಿಳಿದು, ಮಳೆ ಅಳೆಯುವ ಡಬ್ಬದ ನೀರನ್ನು ಗಾಜಿನ ಅಳತೆಗೆ ಸುರಿದು, ಇಂಚು-ಸೆಂಟ್ಸ್ ಲೆಕ್ಕದಲ್ಲಿ ಬರೆಯುತ್ತಿದ್ದರು. ಒಂದು ಇಂಚಿಗೆ ನೂರು ಸೆಂಟ್ಸ್. ಒಂದು ಇಂಚು ಎಂದರೆ 25.4 ಮಿಲಿಮೀಟರ್. ತೋಟದವರು ಈಗಲೂ ಫೋನಿನಲ್ಲಿ "ನಿಮ್ಮಲ್ಲಿ ಎಷ್ಟಾಯ್ತು?" ಎಂದರೆ "ಒಂದು ನಲವತ್ತು" ಎಂದೇ ಹೇಳುತ್ತಾರೆ. ಒಂದು ಇಂಚು ನಲವತ್ತು ಸೆಂಟ್ಸ್ ಎಂದರ್ಥ.

ಪುಸ್ತಕದಲ್ಲಿ ಒಂದು ವರ್ಷಕ್ಕೆ ಒಂದು ಪುಟ. ಅಡ್ಡಕ್ಕೆ 12 ತಿಂಗಳು, ಉದ್ದಕ್ಕೆ 31 ದಿನ, ಕೆಳಗೆ ಪ್ರತಿ ತಿಂಗಳ ಮೊತ್ತ. ಇದನ್ನು ಕಂಪ್ಯೂಟರಿಗೆ ಹಾಕೋಣ ಎಂದು ಮೊದಲು ನಾನೊಬ್ಬಳೇ ಕೂತೆ. ಒಂದು ಪುಟ ಟೈಪ್ ಮಾಡಿ, ಮತ್ತೆ ಮೇಲಿಂದ ಕೆಳಗೆ ಓದಿ ನೋಡಿದೆ. ಒಂದೂ ತಪ್ಪು ಸಿಗಲಿಲ್ಲ. ಬಹಳ ಖುಷಿಯಾಯಿತು. ಆಮೇಲೆ ಅಣ್ಣನ ಮಗಳು ಸುಮ್ನೆ ಒಂದು ಸಲ ಕಣ್ಣಾಡಿಸಿ, "ಅತ್ತೆ, ಇದು 31 ಅಲ್ವಾ? ನೀವು 81 ಹಾಕಿದ್ದೀರಿ" ಎಂದಳು. ನಾನು ಆ ಸೆಲ್ಲನ್ನು ಎರಡು ಸಲ ನೋಡಿದ್ದೆ. ಎರಡೂ ಸಲ 81 ಎಂದೇ ಕಂಡಿತ್ತು. ತಾನು ಟೈಪ್ ಮಾಡಿದ್ದನ್ನು ತಾನೇ ಪರೀಕ್ಷಿಸುವಾಗ ಕಣ್ಣು ಪುಸ್ತಕವನ್ನು ಓದುವುದಿಲ್ಲ, ಮೊದಲು ಓದಿದ್ದನ್ನೇ ನೆನಪಿಸಿಕೊಳ್ಳುತ್ತದೆ.

ಹಾಗಾಗಿ ಅದೇ ಪುಟವನ್ನು ಅವಳು ಹೊಸದಾಗಿ, ನನ್ನ ಶೀಟ್ ನೋಡದೆ ಟೈಪ್ ಮಾಡಿದಳು. ಎರಡನ್ನೂ ತಾಳೆ ನೋಡಿದೆವು. ಇದಕ್ಕೆ ಡಬಲ್ ಎಂಟ್ರಿ ಎನ್ನುತ್ತಾರೆ. ಅಂಗಡಿ ಲೆಕ್ಕದ ಜಮಾ-ಖರ್ಚಿನ ಡಬಲ್ ಎಂಟ್ರಿಯೇ ಬೇರೆ, ಇದೇ ಬೇರೆ. ನಾವು ಮಾಡಿದ್ದನ್ನು ಆ ಒಂದು ಪುಟ ಇಟ್ಟುಕೊಂಡೇ ಹೇಳುತ್ತೇನೆ.

ಟೈಪ್ ಮಾಡುವ ಮೊದಲು ಮಾತಾಡಿಕೊಳ್ಳಬೇಕಾದ್ದು

ಇಬ್ಬರೂ ಶುರು ಮಾಡುವ ಮೊದಲು ಅರ್ಧ ಗಂಟೆ ಕೂತು ನಿಯಮ ಮಾಡಿಕೊಳ್ಳಿ. ಶುರು ಮಾಡಿದ ಮೇಲೆ ಆ ಪುಟದ ಬಗ್ಗೆ ಒಂದು ಮಾತೂ ಬೇಡ. "ಏ, ಆ ಮೇ 23ರದ್ದು ಏನು ಓದಿದೆ?" ಎಂದು ಕೇಳಿದರೆ ಕಥೆ ಮುಗಿಯಿತು. ಆ ಸೆಲ್ ಮಟ್ಟಿಗೆ ನೀವು ಇಬ್ಬರಲ್ಲ, ಒಬ್ಬರೇ. ಒಂದೇ ಗೂಗಲ್ ಶೀಟಿನಲ್ಲಿ ಇಬ್ಬರೂ ಟೈಪ್ ಮಾಡುವುದೂ ಇದೇ ಕಾರಣಕ್ಕೆ ಬೇಡ. ಪಕ್ಕದ ಟ್ಯಾಬ್ ಮೇಲೆ ಕಣ್ಣು ಹೋಗದೆ ಇರುವುದಿಲ್ಲ. ಬೇರೆ ಬೇರೆ ಫೈಲ್ ಇರಲಿ, ಆದರೆ ನಮೂನೆ ಒಂದೇ ಇರಲಿ. ನಮ್ಮದರಲ್ಲಿ A ಕಾಲಂನಲ್ಲಿ ತಾರೀಖು, B1 ರಿಂದ M1 ವರೆಗೆ ಜನವರಿಯಿಂದ ಡಿಸೆಂಬರ್, B2 ರಿಂದ M32 ವರೆಗೆ ಮಳೆ, 33ನೇ ಸಾಲಿನಲ್ಲಿ ಪುಸ್ತಕದಲ್ಲಿ ಬರೆದಿರುವ ತಿಂಗಳ ಮೊತ್ತ. ಆ ಮೊತ್ತಗಳನ್ನೂ ಇಬ್ಬರೂ ಟೈಪ್ ಮಾಡಬೇಕು. ಆಮೇಲೆ ಅವೇ ಕೆಲಸಕ್ಕೆ ಬರುವುದು.

12 ತಿಂಗಳು 31 ದಿನ ಎಂದರೆ 372 ಸೆಲ್. ವರ್ಷಕ್ಕೆ 365 ದಿನ. ಫೆಬ್ರವರಿ 30ರಂಥ ಇಲ್ಲದ ದಿನಗಳು ಏಳು. ಅವಕ್ಕೆ ನಮೂನೆಯಲ್ಲೇ `x` ತುಂಬಿಸಿಡಿ. ಅಧಿಕ ವರ್ಷವಾದರೆ ಆರು.

ಸಂಖ್ಯೆಯನ್ನು ಹೇಗೆ ಟೈಪ್ ಮಾಡುವುದು ಎಂಬುದರಲ್ಲೇ ಅರ್ಧ ಗೊಂದಲ ಇರುತ್ತದೆ. ಅಪ್ಪ ಬರೆದದ್ದು 1-54 ಎಂದು, ನಡುವೆ ಗೆರೆ ಎಳೆದು. ಅದನ್ನು ಹಾಗೇ ಟೈಪ್ ಮಾಡಿದರೆ ದೊಡ್ಡ ತಾಪತ್ರಯ. 1-5 ಎಂದು ಹೊಡೆದ ತಕ್ಷಣ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ಅದಕ್ಕೇ ನಾವು ಎಲ್ಲವನ್ನೂ ಬರೀ ಸೆಂಟ್ಸ್‌ನಲ್ಲಿ ಹಾಕಿದೆವು. 1-54 ಎಂದರೆ 154, 0-45 ಎಂದರೆ 45, 2-05 ಎಂದರೆ 205. ಮಿಲಿಮೀಟರಿಗೆ ತಿರುಗಿಸುವ ಕೆಲಸ ಟೈಪ್ ಮಾಡುವಾಗ ಬೇಡವೇ ಬೇಡ. ಅದನ್ನು ಕೊನೆಯಲ್ಲಿ ಸೂತ್ರ ಮಾಡುತ್ತದೆ.

ಇನ್ನೊಂದು, ಖಾಲಿ ಜಾಗ. ಪುಸ್ತಕದಲ್ಲಿ ಕೆಲವು ದಿನ ಸಣ್ಣ ಗೆರೆ ಇದೆ, ಕೆಲವು ದಿನ ಏನೂ ಇಲ್ಲ. ಗೆರೆ ಎಂದರೆ ನೋಡಿದೆ, ಮಳೆ ಇಲ್ಲ. ಏನೂ ಇಲ್ಲ ಎಂದರೆ ನೋಡಲೇ ಇಲ್ಲ. ಅಪ್ಪ ಮದುವೆಗೋ ಮುಂಜಿಗೋ ಹೋದ ದಿನ ಡಬ್ಬ ಹಾಗೇ ಇರುತ್ತಿತ್ತು, ಮಾರನೇ ದಿನ ಎರಡೂ ದಿನದ ಮಳೆ ಒಟ್ಟಿಗೆ ಪುಸ್ತಕಕ್ಕೆ ಬರುತ್ತಿತ್ತು. ಖಾಲಿಯನ್ನು ಸೊನ್ನೆ ಮಾಡಿದರೆ ಈ ವಿಷಯವೇ ಅಳಿಸಿಹೋಗುತ್ತದೆ. ಹಾಗಾಗಿ ಗೆರೆ ಇದ್ದರೆ `-`, ಖಾಲಿ ಇದ್ದರೆ `b`, ಓದಲು ಆಗದಿದ್ದರೆ `??`, ಊಹೆಯಾದರೆ ಸಂಖ್ಯೆಯ ಮುಂದೆ ಪ್ರಶ್ನೆ ಚಿಹ್ನೆ, ಉದಾಹರಣೆಗೆ `31?`. ಈ ನಿಯಮದಿಂದ ಒಂದು ಲಾಭ ಇದೆ. ಶೀಟಿನಲ್ಲಿ ಒಂದು ಸೆಲ್ ಖಾಲಿ ಇದ್ದರೆ ಅದಕ್ಕೆ ಒಂದೇ ಅರ್ಥ: ಟೈಪ್ ಮಾಡಲು ಮರೆತಿದ್ದೀರಿ.

ತಪ್ಪಾಗಿ ಕಾಣುವುದನ್ನು ಟೈಪ್ ಮಾಡುವಾಗ ಸರಿಮಾಡಬೇಡಿ. ಜನವರಿಯಲ್ಲಿ ಮೂರು ಇಂಚು ಮಳೆ ಎಂದಿದ್ದರೆ ಮೂರು ಇಂಚೇ ಹಾಕಿ. ಜಾಣತನ ತೋರಿಸುವ ಸಮಯ ಆಮೇಲೆ ಬರುತ್ತದೆ.

ನಾನು ಪುಟದ ಫೋಟೋ ನೋಡಿ ಟೈಪ್ ಮಾಡಿದೆ, ಅವಳು ಪುಸ್ತಕವನ್ನೇ ನೋಡಿ ಮಾಡಿದಳು. ಇದನ್ನು ಬೇಕೆಂದೇ ಮಾಡಿದ್ದು. ಇಬ್ಬರೂ ಒಂದೇ ಮಸುಕು ಫೋಟೋ ನೋಡಿದರೆ ಇಬ್ಬರಿಗೂ ಒಂದೇ ಜಾಗದಲ್ಲಿ ಒಂದೇ ತಪ್ಪು ಕಾಣುತ್ತದೆ. ಒಂದು ಪುಟಕ್ಕೆ ನಮ್ಮಿಬ್ಬರಿಗೂ ಸುಮಾರು ಅರ್ಧ ಗಂಟೆ ಹಿಡಿಯಿತು. ತಿಂಗಳಿಗೊಂದು ಕಾಲಂ ಮುಗಿಸಿ ಕೆಳಕ್ಕೆ ಹೋಗುವುದು ಒಳ್ಳೆಯದು. ಅಡ್ಡಡ್ಡ ಹೋದರೆ ಕಣ್ಣು ಪಕ್ಕದ ತಿಂಗಳಿಗೆ ಜಾರುತ್ತದೆ. ಓದುವ ಸಾಲಿನ ಕೆಳಗೆ ಒಂದು ಸ್ಕೇಲ್ ಇಟ್ಟುಕೊಳ್ಳಿ.

ಎರಡು ಶೀಟುಗಳ ತಾಳೆ

ಇಬ್ಬರದೂ ಮುಗಿದ ಮೇಲೆ ಎರಡನ್ನೂ ಒಂದು ಹೊಸ ಫೈಲಿಗೆ ತಂದು, `First` ಮತ್ತು `Second` ಎಂದು ಹೆಸರಿಡಿ. ಇಲ್ಲಿಂದ ಮುಂದೆ ಈ ಎರಡು ಶೀಟನ್ನು ಯಾರೂ ಮುಟ್ಟಬಾರದು. ತಪ್ಪು ಗೊತ್ತಾದರೂ ಅಲ್ಲಿ ತಿದ್ದಬಾರದು. `Diff` ಎಂಬ ಮೂರನೇ ಶೀಟ್ ಮಾಡಿ, B2 ಸೆಲ್‌ನಲ್ಲಿ ಇದನ್ನು ಹಾಕಿ M33 ವರೆಗೆ ಎಳೆಯಿರಿ:

```
=IF(EXACT(First!B2,Second!B2),"",First!B2&" | "&Second!B2)
```

ಎರಡೂ ಒಂದೇ ಇದ್ದರೆ ಸೆಲ್ ಖಾಲಿ ಕಾಣುತ್ತದೆ. ಬೇರೆ ಇದ್ದರೆ ಎರಡೂ ಅಕ್ಕಪಕ್ಕ ಕಾಣುತ್ತವೆ. ಎಷ್ಟು ವ್ಯತ್ಯಾಸ ಇವೆ ಎಂದು ಎಣಿಸಲು:

```
=COUNTIF(B2:M33,"?*")
```

ಸಾಮಾನ್ಯವಾಗಿ ಎಲ್ಲರೂ ಬರೆಯುವುದು `=First!B2=Second!B2` ಎಂದು. ಅದನ್ನು ಬರೆಯಬೇಡಿ. ಒಬ್ಬರು ಸೆಲ್ಲನ್ನು ಖಾಲಿ ಬಿಟ್ಟು ಇನ್ನೊಬ್ಬರು 0 ಹಾಕಿದ್ದರೆ, ಎಕ್ಸೆಲ್ ಆ ಎರಡೂ ಸಮ ಎಂದು `TRUE` ಹೇಳುತ್ತದೆ. ಮಳೆ ಪುಸ್ತಕದಲ್ಲಿ ನಿಮಗೆ ಬೇಕಾದ ವ್ಯತ್ಯಾಸವೇ ಅದು. `EXACT` ಹಾಗೆ ಮೋಸ ಹೋಗುವುದಿಲ್ಲ. ಆದರೆ ಅದು ಸ್ವಲ್ಪ ಮಡಿವಂತ. `b` ಮತ್ತು `B` ಬೇರೆ ಬೇರೆ ಎನ್ನುತ್ತದೆ. ಮೊಬೈಲಿನಲ್ಲಿ ಟೈಪ್ ಮಾಡಿದರೆ ಮೊದಲ ಅಕ್ಷರ ತಾನಾಗಿ ದೊಡ್ಡದಾಗುತ್ತದೆ, ಆಗ ಪುಟದ ತುಂಬ ಸುಳ್ಳು ವ್ಯತ್ಯಾಸಗಳು ಬರುತ್ತವೆ.

ನಮ್ಮ ಆ ಪುಟದಲ್ಲಿ ಎಣಿಕೆ 13 ಬಂತು. "ಅಯ್ಯೋ, ಹದಿಮೂರಾ!" ಎಂದಳು. ಆದರೆ ಹದಿಮೂರು ವ್ಯತ್ಯಾಸ ಎಂದರೆ ಹದಿಮೂರು ತಪ್ಪು ಅಲ್ಲ. ಸೆಲ್‌ಗಳನ್ನು ಒಂದೊಂದಾಗಿ ನೋಡುವ ಮೊದಲು ಶೀಟನ್ನು ಸ್ವಲ್ಪ ದೂರದಿಂದ ನೋಡಿ. ವ್ಯತ್ಯಾಸಗಳು ಚೆದುರಿವೆಯೋ, ಸಾಲಾಗಿ ಇವೆಯೋ?

ಆಗಸ್ಟ್ ಕಾಲಂನಲ್ಲಿ 10ರಿಂದ 16ರವರೆಗೆ ಏಳು ಸೆಲ್ ಸಾಲಾಗಿ ನಿಂತಿದ್ದವು:

```
10   -   | 62
11   62  | 110
12   110 | 35
13   35  | 48
14   48  | 205
15   205 | 17
16   17  | -
```

ಎಡಗಡೆ ನನ್ನದು, ಬಲಗಡೆ ಅವಳದು. ಬಲಗಡೆಯದನ್ನು ಒಂದು ಸಾಲು ಕೆಳಕ್ಕೆ ತಳ್ಳಿದರೆ ಎಡಗಡೆಯದೇ ಆಗುತ್ತದೆ. 10ನೇ ತಾರೀಖಿನ ಸಣ್ಣ ಗೆರೆಯನ್ನು ಅವಳು ಹಾರಿಸಿದ್ದಳು. ಅಲ್ಲಿಂದ ಎಲ್ಲ ಒಂದು ದಿನ ಮುಂಚೆ ಬಂದವು. 17ನೇ ತಾರೀಖಿನಲ್ಲಿ ಮತ್ತೆ ಒಂದು ಗೆರೆ ಇತ್ತು. ಅದನ್ನು 16ರ ಸಾಲಿಗೆ ಹಾಕಿ, ಮುಂದೆ ತಾರೀಖು ನೋಡಿ 17ಕ್ಕೂ ಗೆರೆ ಹಾಕಿದಳು. ಮತ್ತೆ ಸರಿದಾರಿಗೆ ಬಂದಳು. ಅಂದರೆ ಏಳು ವ್ಯತ್ಯಾಸ, ತಪ್ಪು ಒಂದೇ.

ಈ ತಪ್ಪಿನ ವಿಶೇಷ ನೋಡಿ. ಆಗಸ್ಟ್ ತಿಂಗಳ ಮೊತ್ತಕ್ಕೆ ಇದರಿಂದ ಒಂದು ಸೆಂಟೂ ಹೆಚ್ಚುಕಮ್ಮಿ ಆಗಿಲ್ಲ. ಸಂಖ್ಯೆಗಳೆಲ್ಲ ಅವೇ, ದಿನ ಮಾತ್ರ ಬೇರೆ. ಮೊತ್ತ ಒಂದನ್ನೇ ನಂಬಿದ್ದರೆ ಇದು ಎಂದೂ ಸಿಗುತ್ತಿರಲಿಲ್ಲ. ಎರಡನೇ ಕೈ ಇದ್ದದ್ದಕ್ಕೆ ಸಿಕ್ಕಿತು.

ಯಾರದು ಸರಿ?

ಉಳಿದ ಆರನ್ನು ಒಂದೊಂದಾಗಿ ನೋಡಿದೆವು. ಇಲ್ಲಿ ಒಂದು ಶಿಸ್ತು ಬೇಕು. ಎರಡು ಉತ್ತರ ನೋಡಿ ಆಮೇಲೆ ಪುಸ್ತಕ ನೋಡಿದರೆ, ಆ ಎರಡರಲ್ಲಿ ಒಂದೇ ಕಣ್ಣಿಗೆ ಕಾಣುತ್ತದೆ. ಮೂರನೆಯದೂ ಇರಬಹುದು ಎಂಬುದು ಹೊಳೆಯುವುದಿಲ್ಲ. ಹಾಗಾಗಿ ಒಬ್ಬರು `Diff` ನೋಡಿ ತಾರೀಖು ಮಾತ್ರ ಹೇಳಬೇಕು, ಇನ್ನೊಬ್ಬರು ಪುಸ್ತಕ ತೆರೆದು ಕಂಡದ್ದನ್ನು ಜೋರಾಗಿ ಓದಬೇಕು. ಮೂರನೆಯವರು ಸಿಕ್ಕರೆ ಓದುವ ಕೆಲಸ ಅವರಿಗೇ ಕೊಡಿ. ನಮಗೆ ಅಣ್ಣ ಸಿಕ್ಕ. ಅವನಿಗೆ ಯಾರು ಏನು ಟೈಪ್ ಮಾಡಿದ್ದಾರೆ ಎಂದು ಗೊತ್ತಿರಲಿಲ್ಲ. ಓದುವುದು ಪುಸ್ತಕದಿಂದಲೇ, ಫೋಟೋದಿಂದ ಅಲ್ಲ. ವಯಸ್ಸಿನಲ್ಲಿ ದೊಡ್ಡವರದ್ದೇ ಸರಿ ಎಂದು ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆ. ಇಲ್ಲಿ ಅದನ್ನು ಬಾಗಿಲ ಹೊರಗೆ ಬಿಡಬೇಕು.

ಜೂನ್ 19: ನನ್ನದು 81, ಅವಳದು 31. ಪುಸ್ತಕದಲ್ಲಿ 31. ತಪ್ಪು ನನ್ನದು. ಸೆಪ್ಟೆಂಬರ್ 2: ನನ್ನದು 70, ಅವಳದು 10. ಪುಸ್ತಕದಲ್ಲಿ 70. ಜುಲೈ 4: ನನ್ನದು 154, ಅವಳದು 145. ಪುಸ್ತಕದಲ್ಲಿ 154. ಅಂಕಿ ಅದಲುಬದಲಾಗಿದೆ. ಹೀಗೆ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 154ರಲ್ಲಿ 145 ಕಳೆದರೆ 9. ಲೆಕ್ಕ ಬರೆಯುವವರಿಗೆ ಇದು ಹಳೆಯ ಗುಟ್ಟು. ಮೊತ್ತದಲ್ಲಿ 9, 18, 27, 90 ಹೀಗೆ ವ್ಯತ್ಯಾಸ ಬಂದರೆ ಮೊದಲು ಇದನ್ನೇ ಅನುಮಾನಿಸಿ.

ಜನವರಿ 8 ಮತ್ತು ಫೆಬ್ರವರಿ 21: ನಾನು `-`, ಅವಳು `b`. ಪುಸ್ತಕದಲ್ಲಿ ಖಾಲಿ. ಮಳೆ ಇಲ್ಲದ ಇಂಥ ತಿಂಗಳುಗಳಲ್ಲಿ ಹೆಚ್ಚೂಕಡಿಮೆ ಪೂರ್ತಿ ಗೆರೆಗಳೇ. ಕೈ ತಾನಾಗಿ ಗೆರೆ ಹೊಡೆಯುತ್ತಾ ಹೋಗುತ್ತದೆ. ಮಳೆಗಾಲದ ಕಾಲಂಗಿಂತ ಈ ಸುಲಭದ ಕಾಲಂಗಳಲ್ಲೇ ಜಾಗ್ರತೆ ಜಾಸ್ತಿ ಬೇಕು.

ಇನ್ನು ಮೇ 23. ಇದರ ಮೇಲೆ ಹತ್ತು ನಿಮಿಷ ವಾದ ನಡೆಯಿತು. ಅಪ್ಪ ಬರೆದದ್ದು ಬರೀ 1-5. ನಾನು ಒಂದು ಇಂಚು ಐದು ಸೆಂಟ್ಸ್ ಎಂದು 105 ಹಾಕಿದ್ದೆ. ಅವಳು ಒಂದೂವರೆ ಇಂಚು ಎಂದು 150 ಹಾಕಿದ್ದಳು. ಪುಸ್ತಕ ನೋಡಿದರೂ ತೀರ್ಮಾನವಾಗುವುದಿಲ್ಲ, ಯಾಕೆಂದರೆ ಇಬ್ಬರೂ ಸರಿಯಾಗಿಯೇ ಓದಿದ್ದೇವೆ. ಅರ್ಥ ಮಾಡಿಕೊಂಡದ್ದು ಬೇರೆ. ಆಗ ಎರಡು ಸಾಕ್ಷಿ ಹುಡುಕಿದೆವು. ಮೊದಲನೆಯದು, ಅದೇ ಪುಟದಲ್ಲಿ ಆಗಸ್ಟ್ 15ಕ್ಕೆ ಅಪ್ಪ 2-05 ಎಂದು ಸೊನ್ನೆ ಸೇರಿಸಿಯೇ ಬರೆದಿದ್ದರು. ಐದು ಸೆಂಟ್ಸ್ ಆದರೆ 05 ಬರೆಯುವ ಮನುಷ್ಯ. ಎರಡನೆಯದು, ಮೇ ತಿಂಗಳ ಮೊತ್ತ ಪುಸ್ತಕದಲ್ಲಿ 9-87. ನನ್ನ 105 ಇಟ್ಟು ಕೂಡಿದರೆ 942, ಅವಳ 150 ಇಟ್ಟರೆ 987. ಅವಳೇ ಗೆದ್ದಳು. ಆಮೇಲೆ ನಿಯಮದ ಪಟ್ಟಿಗೆ ಒಂದು ಸಾಲು ಸೇರಿಸಿದೆವು: ಸೆಂಟ್ಸ್ ಜಾಗದಲ್ಲಿ ಒಂದೇ ಅಂಕಿ ಇದ್ದರೆ ಅರ್ಥ ಮಾಡಬೇಡ, `1-5?` ಎಂದು ಹಾಗೇ ಹಾಕು. ಪ್ರಶ್ನೆ ಚಿಹ್ನೆ ಇದ್ದರೆ ಎಕ್ಸೆಲ್ ಅದನ್ನು ತಾರೀಖು ಮಾಡುವುದಿಲ್ಲ.

ತೀರ್ಮಾನಗಳನ್ನು `Final` ಎಂಬ ನಾಲ್ಕನೇ ಶೀಟಿನಲ್ಲಿ ಹಾಕಿ. `First` ಅನ್ನು ನಕಲು ಮಾಡಿ, ವ್ಯತ್ಯಾಸ ಬಂದ ಸೆಲ್‌ಗಳನ್ನು ಮಾತ್ರ ಬದಲಿಸಿದರೆ ಸಾಕು. ಜೊತೆಗೆ ಒಂದು ಪಟ್ಟಿ ಇರಲಿ. ತಾರೀಖು, ಇಬ್ಬರ ಉತ್ತರ, ತೀರ್ಮಾನ, ಕಾರಣ:

```
ಮೇ 23    | 105 | 150 | 150 | ಮೊತ್ತ ತಾಳೆಯಾಯಿತು; ಆಗಸ್ಟ್ 15ರ ಬರಹ ನೋಡಿ
ಜುಲೈ 4   | 154 | 145 | 154 | ಅಂಕಿ ಅದಲುಬದಲು
```

ಕಾರಣ ಬರೆಯುವುದು ಬೇಸರದ ಕೆಲಸ, ನಿಜ. ಆದರೆ ಮೂರು ತಿಂಗಳು ಬಿಟ್ಟು ನೋಡಿದರೆ 1-5 ಹೇಗೆ 150 ಆಯಿತು ಎಂದು ನಿಮಗೇ ನೆನಪಿರುವುದಿಲ್ಲ.

ಇಬ್ಬರೂ ಒಪ್ಪಿದ ತಪ್ಪು

ಇಷ್ಟಕ್ಕೇ ನಿಲ್ಲಿಸಬಾರದು. `Diff` ತೋರಿಸುವುದು ನೀವಿಬ್ಬರೂ ಬೇರೆ ಬೇರೆ ಓದಿದ ಸೆಲ್‌ಗಳನ್ನು ಮಾತ್ರ. ಇಬ್ಬರೂ ಒಂದೇ ತಪ್ಪು ಓದಿದ್ದರೆ ಅಲ್ಲಿ ಸೆಲ್ ಖಾಲಿಯಾಗಿ, ನೆಮ್ಮದಿಯಾಗಿ ಕೂತಿರುತ್ತದೆ.

ಇದು ಎಷ್ಟು ಸಲ ಆಗಬಹುದು? ಬೆರಳು ಜಾರಿದ ತಪ್ಪಾದರೆ ಬಹಳ ಅಪರೂಪ. 365 ಸೆಲ್‌ನಲ್ಲಿ ನನ್ನ ಬೆರಳು ಎರಡು ಕಡೆ, ಅವಳದು ಮೂರು ಕಡೆ ಜಾರಿತು ಎಂದುಕೊಳ್ಳಿ. ಎರಡೂ ಒಂದೇ ಸೆಲ್‌ನಲ್ಲಿ ಬೀಳುವುದು 2ನ್ನು 3ರಿಂದ ಗುಣಿಸಿ 365ರಿಂದ ಭಾಗಿಸಿದಷ್ಟು, ಅಂದರೆ ಅರವತ್ತು ಪುಟಕ್ಕೆ ಒಂದು. ಬಿದ್ದರೂ ಇಬ್ಬರೂ ಒಂದೇ ತಪ್ಪು ಸಂಖ್ಯೆ ಹೊಡೆದಿರಬೇಕು. ಆದರೆ ಕೈಬರಹದ ತಪ್ಪು ಹಾಗಲ್ಲ. ಬರಹವೇ ಕೆಟ್ಟದಾಗಿದ್ದರೆ ಇಬ್ಬರ ಕಣ್ಣೂ ಅದೇ ಸೆಲ್‌ನಲ್ಲಿ, ಅದೇ ರೀತಿ ಮೋಸ ಹೋಗುತ್ತವೆ. ಆಗ ಮೇಲಿನ ಗುಣಾಕಾರಕ್ಕೆ ಅರ್ಥವೇ ಇಲ್ಲ. ಹಳೆಯ ಕನ್ನಡ ಅಂಕಿಯ ಪುಸ್ತಕಗಳಲ್ಲಿ ೬ ಮತ್ತು ೯, ೧ ಮತ್ತು ೦ ಹೀಗೆ ಆಟ ಆಡಿಸುತ್ತವೆ. ಅಪ್ಪನ ಪುಸ್ತಕದಲ್ಲಿ ಆಟ ಆಡಿಸಿದ್ದು 1 ಮತ್ತು 7.

ಇಲ್ಲಿ ತಿಂಗಳ ಮೊತ್ತ ಕೈ ಹಿಡಿಯುತ್ತದೆ. `Final` ಶೀಟಿನ 34ನೇ ಸಾಲಿನಲ್ಲಿ ಇದನ್ನು ಹಾಕಿ ಅಡ್ಡಕ್ಕೆ ಎಳೆಯಿರಿ:

```
=SUM(B2:B32)-B33
```

ಎಲ್ಲ ತಿಂಗಳಿಗೂ 0 ಬರಬೇಕು. ನಮಗೆ ಹತ್ತು ತಿಂಗಳಿಗೆ 0 ಬಂತು. ನವೆಂಬರಿಗೆ -60, ಆಗಸ್ಟಿಗೆ 100.

ನವೆಂಬರ್ ಮೊದಲು ನೋಡೋಣ. ಪುಸ್ತಕದ ಮೊತ್ತ 6-72, ನಮ್ಮದು 612. ಅರವತ್ತು ಕಡಿಮೆ. ಒಂದೇ ಅಂಕಿಯಿಂದ ಅರವತ್ತು ಹೋಗಬೇಕಾದರೆ ಹತ್ತರ ಸ್ಥಾನದ 7 ಅನ್ನು 1 ಎಂದು ಓದಿರಬೇಕು, ಇಲ್ಲವೇ 6 ಅನ್ನು 0, 8 ಅನ್ನು 2 ಅಥವಾ 9 ಅನ್ನು 3 ಎಂದು. ಅಪ್ಪನ ಕೈಯಲ್ಲಿ ಮೊದಲ ಅನುಮಾನ 7 ಮತ್ತು 1ರ ಮೇಲೆ. ನವೆಂಬರಿನಲ್ಲಿ ಹತ್ತರ ಸ್ಥಾನದಲ್ಲಿ 1 ಇದ್ದ ದಿನ ಎರಡೇ. 3ನೇ ತಾರೀಖು ಇಬ್ಬರೂ 10 ಎಂದು ಹಾಕಿದ್ದೆವು. ಪುಸ್ತಕಕ್ಕೆ ಭೂತಗನ್ನಡಿ ಹಿಡಿದು ನೋಡಿದರೆ ತಲೆಯ ಮೇಲೆ ಕೂದಲೆಳೆಯಷ್ಟು ಅಡ್ಡಗೆರೆ. ಅದು 70. ಸೆಪ್ಟೆಂಬರ್ 2ರ 70ಕ್ಕೂ ಇದಕ್ಕೂ ಹೋಲಿಸಿದೆವು, ಅದೇ ಕೈ, ಅದೇ ತಲೆ. `Final` ಅಲ್ಲಿ ತಿದ್ದಿದೆವು, ಪಟ್ಟಿಯಲ್ಲಿ ಬರೆದೆವು. ಮೊತ್ತ 672.

ಆಗಸ್ಟಿನದು ತದ್ವಿರುದ್ಧ. ನಮ್ಮ ಮೊತ್ತ 3118, ಪುಸ್ತಕದಲ್ಲಿ 30-18. ಸರಿಯಾಗಿ ಒಂದು ಇಂಚು ವ್ಯತ್ಯಾಸ. ಇಬ್ಬರೂ ಸೇರಿ 31 ದಿನವನ್ನೂ ಮತ್ತೆ ಓದಿದೆವು. ಒಂದು ಅಂಕಿಯೂ ಬದಲಾಗಲಿಲ್ಲ. ಅಪ್ಪ ಸೆಂಟ್ಸ್ ಕೂಡಿ ಇಂಚಿಗೆ ಬರುವಾಗ ಕೈಯಲ್ಲಿದ್ದ ಒಂದನ್ನು ಸೇರಿಸಲು ಮರೆತಿರಬೇಕು. ಇಂಥ ಕಡೆ ಮನಸ್ಸು ಒಂದು ಕೆಟ್ಟ ಸಲಹೆ ಕೊಡುತ್ತದೆ: "ಯಾವುದೋ ಒಂದು 2-05 ಅನ್ನು 1-05 ಮಾಡಿಬಿಡು, ಸರಿಹೋಗುತ್ತೆ." ಮಾಡಬೇಡಿ. ಮೊತ್ತ ಎಲ್ಲಿ ನೋಡಬೇಕು ಎಂದು ಹೇಳುತ್ತದೆ, ಏನು ಬರೆಯಬೇಕು ಎಂದು ಹೇಳುವುದಿಲ್ಲ. ಸೆಲ್‌ನಲ್ಲಿ ಕಾಣದ ಅಂಕಿಯನ್ನು ಮೊತ್ತಕ್ಕೋಸ್ಕರ ಹುಟ್ಟಿಸಬಾರದು. ನಾವು 33ನೇ ಸಾಲಿನಲ್ಲಿ 3018 ಹಾಗೇ ಬಿಟ್ಟೆವು, 34ನೇ ಸಾಲಿನಲ್ಲಿ 100 ಹಾಗೇ ಉಳಿಯಿತು, ಪಟ್ಟಿಯಲ್ಲಿ "ಪುಸ್ತಕದ ಕೂಡುವಿಕೆ ತಪ್ಪಿರಬಹುದು, ದಿನಗಳನ್ನು ಮತ್ತೆ ಓದಿದೆ" ಎಂದು ಬರೆದೆವು.

ಒಂದು ಮಿತಿ ಇದೆ. ಬರೀ ಗೆರೆ ಮತ್ತು ಖಾಲಿ ಇರುವ ಕಡೆ ಮೊತ್ತವೂ ಏನೂ ಹೇಳುವುದಿಲ್ಲ, ಎರಡಕ್ಕೂ ಲೆಕ್ಕದಲ್ಲಿ ಬೆಲೆ ಸೊನ್ನೆಯೇ. ಅಲ್ಲಿ ಇಬ್ಬರೂ ಒಟ್ಟಿಗೆ ತಪ್ಪಿದ್ದರೆ ಹಿಡಿಯುವವರು ಯಾರೂ ಇಲ್ಲ. ಮೊತ್ತವೇ ಬರೆಯದ ಪುಸ್ತಕವಾದರೆ ಇನ್ನೂ ಕಷ್ಟ. ಆಗ ಅಲ್ಲೊಂದು ಇಲ್ಲೊಂದು ಐವತ್ತು ಸೆಲ್ ಆರಿಸಿ, ಇಬ್ಬರೂ ಒಪ್ಪಿದವನ್ನೇ, ಮೂರನೆಯವರಿಂದ ಓದಿಸಿ.

ನವೆಂಬರ್ 3ರ ತಪ್ಪು ಸಿಕ್ಕಿದ ಮೇಲೆ ನಾವು ಮುಂದಿನ ಪುಟಕ್ಕೆ ಹೋಗಲಿಲ್ಲ. ಅದೇ ಪುಟದಲ್ಲಿ 1 ಎಂದು ಟೈಪ್ ಆದ ಪ್ರತಿ ಅಂಕಿಯನ್ನೂ, ಮೊತ್ತ ಸರಿಬಂದ ತಿಂಗಳುಗಳಲ್ಲೂ, ಭೂತಗನ್ನಡಿಯಲ್ಲಿ ನೋಡಿದೆವು. ಎರಡು ತಪ್ಪು ಒಂದನ್ನೊಂದು ಮುಚ್ಚಿಹಾಕಿರಬಹುದು ಎಂಬ ಅನುಮಾನ. ಮಾರ್ಚ್ ಕಾಲಂನಲ್ಲಿ ಹೆಚ್ಚು ಹೊತ್ತು ನಿಂತೆವು. ಅದು ಹೂಮಳೆಯ ತಿಂಗಳು. ಹತ್ತು ಸೆಂಟ್ಸ್ ಮಳೆಗೆ ಕಾಫಿ ಸರಿಯಾಗಿ ಹೂವಾಗುವುದಿಲ್ಲ, ಎಪ್ಪತ್ತು ಬಿದ್ದರೆ ಮಾತೇ ಬೇರೆ. ಅಲ್ಲಿ ಬೇರೆ ಯಾವ 1ಕ್ಕೂ ತಲೆಯ ಮೇಲೆ ಗೆರೆ ಇರಲಿಲ್ಲ. ಆಮೇಲೆ ಪುಸ್ತಕದಲ್ಲಿ ಅಪ್ಪನ 1, 7, 3, 8 ಚೆನ್ನಾಗಿ ಕಾಣುವ ಜಾಗಗಳ ಫೋಟೋ ತೆಗೆದು ಒಂದು ಹಾಳೆಗೆ ಅಂಟಿಸಿದೆವು. ಈಗ ಇಬ್ಬರ ಟೇಬಲ್ ಮೇಲೂ ಅದರ ಒಂದೊಂದು ಪ್ರತಿ ಇದೆ. ಎರಡನೇ ಪುಟಕ್ಕೆ ಪುಸ್ತಕ ನನ್ನ ಕೈಗೆ ಬಂತು, ಫೋಟೋ ಅವಳ ಕೈಗೆ ಹೋಯಿತು.